ಮಾತೇ ಆಗಿರಲಿಲ್ಲ, ಆದರೂ ದುಡ್ಡು ವಾಪಸ್ ಬಂತು

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ನಾನು ಸಿವಿಲ್ ವಕೀಲಿಕೆ ಮಾಡುತ್ತೇನೆ. "ಅವರಿಗೂ ನನಗೂ ಏನೂ ಮಾತಾಗಿಲ್ಲ ಸರ್, ಹಾಗಾದ್ರೆ ಕೇಸ್ ಹಾಕೋಕೆ ಆಗಲ್ವಾ?" ಎಂದು ಕೇಳಿಕೊಂಡು ಬರುವವರು ಆಗಾಗ ಇರುತ್ತಾರೆ. ಹಾಕಬಹುದು. ಭಾರತೀಯ ಕರಾರು ಕಾಯ್ದೆ 1872ರಲ್ಲಿ 68ರಿಂದ 72ರವರೆಗಿನ ಕಲಂಗಳು ಇರುವುದೇ ಇಂಥವರಿಗಾಗಿ. ಕರಾರು ಇಲ್ಲದಿದ್ದರೂ ಕರಾರಿನಂಥದ್ದೇ ಹೊಣೆ ಬೀಳುತ್ತದೆ. ಕೋರ್ಟಿನಲ್ಲಿ ಇದನ್ನು ಕ್ವಾಸಿ ಕಾಂಟ್ರಾಕ್ಟ್ ಎನ್ನುತ್ತೇವೆ. ಇನ್ನೊಬ್ಬರ ದುಡ್ಡನ್ನೋ ದುಡಿಮೆಯನ್ನೋ ನ್ಯಾಯವಿಲ್ಲದೆ ಇಟ್ಟುಕೊಂಡು ಯಾರೂ ಲಾಭ ಮಾಡಿಕೊಳ್ಳಬಾರದು ಎನ್ನುವುದು ಇದರ ತಿರುಳು. ನಾನು ನಡೆಸಿದ ಎರಡು ಕೇಸುಗಳಲ್ಲಿ ಇದು ಹೇಗೆ ಕೆಲಸ ಮಾಡಿತು ಅಂತ ಹೇಳುತ್ತೇನೆ.

ಮೊದಲನೆಯದು ಹಾರ್ಡ್‌ವೇರ್ ಅಂಗಡಿಯವರದು. 2021ರ ಆಗಸ್ಟಿನಲ್ಲಿ ಅವರು ಸಿಮೆಂಟ್ ಡೀಲರಿಗೆ 86,500 ರೂಪಾಯಿ ಕಳಿಸಬೇಕಿತ್ತು. ಮೊಬೈಲಿನಲ್ಲಿ ಒಂದೇ ಥರದ ಎರಡು ಹೆಸರು ಸೇವ್ ಆಗಿದ್ದವು. ದುಡ್ಡು ಹೋಗಿದ್ದು ಹಿಂದೆ ಯಾವಾಗಲೋ ಅವರ ಮನೆಗೆ ಬಣ್ಣ ಹೊಡೆದಿದ್ದ ಮೇಸ್ತ್ರಿಯ ಖಾತೆಗೆ. ಮಾರನೇ ದಿನವೇ ಬ್ಯಾಂಕಿಗೆ ಓಡಿದರು. ಖಾತೆದಾರ ಒಪ್ಪದೆ ದುಡ್ಡು ಹಿಂದಕ್ಕೆ ಎಳೆಯಲಾಗದು ಎಂದು ಬ್ಯಾಂಕಿನವರು ಹೇಳಿದರು. ಮೇಸ್ತ್ರಿ ಒಪ್ಪಲಿಲ್ಲ.

ಇದು 72ನೇ ಕಲಂಗೆ ನೇರವಾಗಿ ಕೂರುತ್ತದೆ. ತಪ್ಪು ತಿಳಿವಳಿಕೆಯಿಂದ ಕೊಟ್ಟ ದುಡ್ಡನ್ನು ತೆಗೆದುಕೊಂಡವನು ವಾಪಸ್ ಕೊಡಬೇಕು. ಕೊಟ್ಟವನದು ಅಜಾಗರೂಕತೆ ಎಂದ ಮಾತ್ರಕ್ಕೆ ಅವನ ಹಕ್ಕು ಹೋಗುವುದಿಲ್ಲ. ತೆಗೆದುಕೊಂಡವನು "ಖರ್ಚಾಗಿಹೋಯ್ತು" ಎಂದರೂ ಅಷ್ಟೇ, ಅದೊಂದೇ ಉತ್ತರವಾಗುವುದಿಲ್ಲ. ತಪ್ಪು ಕಾನೂನಿನ ವಿಚಾರದಲ್ಲಿ ಆಗಿದ್ದರೂ ಈ ಕಲಂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 1958ರಲ್ಲೇ ಬನಾರಸ್‌ನ ಒಂದು ಸೇಲ್ಸ್ ಟ್ಯಾಕ್ಸ್ ಕೇಸಿನಲ್ಲಿ ಹೇಳಿದೆ.

ನೋಟಿಸ್ ಬರೆಯುವಾಗ ನಾನು ಮರೆಯದೆ ಹಾಕುವ ಒಂದು ಸಾಲಿದೆ: ಇಂಥ ತಾರೀಖಿನಿಂದ ಬಡ್ಡಿ ಕೇಳುತ್ತೇವೆ ಅಂತ. ಇಂಥ ಕೇಸಿನಲ್ಲಿ ಬರವಣಿಗೆಯ ಕರಾರು ಇರುವುದಿಲ್ಲ. ಹಾಗಾಗಿ ದಾವೆಗೆ ಮುಂಚಿನ ಅವಧಿಗೆ ಬಡ್ಡಿ ಬೇಕೆಂದರೆ 1978ರ ಬಡ್ಡಿ ಕಾಯ್ದೆಯ ಪ್ರಕಾರ ಅದನ್ನು ನೋಟಿಸಿನಲ್ಲೇ ಕೇಳಿರಬೇಕು. ಸುಮ್ನೆ "ದುಡ್ಡು ಕೊಡಿ" ಎಂದು ಬರೆದರೆ ಆ ಬಡ್ಡಿ ಕೈತಪ್ಪುತ್ತದೆ.

ಮೇಸ್ತ್ರಿಯ ಉತ್ತರ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿತು. "2016ರಲ್ಲಿ ಬಣ್ಣ ಹೊಡೆದ ಕೂಲಿ 30,000 ಬಾಕಿ ಇದೆ, ಅದಕ್ಕೆ ಹಿಡ್ಕೊಂಡಿದ್ದೀನಿ." ಹಳೇ ಬಾಕಿಗೆ ಮೂರು ವರ್ಷದ ಕಾಲಮಿತಿ ಮುಗಿದಿದೆ, ಅದನ್ನು ದಾವೆಯಲ್ಲಿ ವಜಾ ಹಾಕಿಕೊಳ್ಳಲು ಬರುವುದಿಲ್ಲ ಎಂದು ನಾನು ಹಗುರವಾಗಿ ತೆಗೆದುಕೊಂಡಿದ್ದೆ. ಆದರೆ ಎದುರು ವಕೀಲರು 60ನೇ ಕಲಂ ಹಿಡಿದರು. ಸಾಲಗಾರ ಯಾವ ಬಾಕಿಗೆ ಅಂತ ಹೇಳದೆ ದುಡ್ಡು ಕೊಟ್ಟರೆ, ಸಾಲ ಕೊಟ್ಟವನು ಅದನ್ನು ಕಾಲಮಿತಿ ಮೀರಿದ ಬಾಕಿಗೂ ಜಮಾ ಮಾಡಿಕೊಳ್ಳಬಹುದು. ಅದು ಗಟ್ಟಿ ವಾದ.

ಅದೇ ಕಲಂನಲ್ಲಿ ಇನ್ನೊಂದು ಮಾತೂ ಇದೆ. ಯಾವ ಬಾಕಿಗೆ ಅನ್ನುವುದನ್ನು ಸಂದರ್ಭವೂ ತೋರಿಸದೇ ಇರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ ನೋಡಿದೆ. ರಿಮಾರ್ಕ್ಸ್ ಕಾಲಂನಲ್ಲಿ ನನ್ನ ಕಕ್ಷಿದಾರರು `CEMENT BILL` ಎಂದು ಟೈಪ್ ಮಾಡಿದ್ದರು. ಡೀಲರನ ಬಿಲ್ ಅದೇ ದಿನದ್ದು, ಅದೇ 86,500ರದ್ದು. ಮಾರನೇ ದಿನ ಬ್ಯಾಂಕಿಗೆ ಕೊಟ್ಟ ಅರ್ಜಿಯ ಮೇಲೆ ಸೀಲೂ ಇತ್ತು. ಈ ಮೂರು ಕಾಗದ ಒಟ್ಟಿಗೆ ಇಟ್ಟ ಮೇಲೆ, ಇದು ಮೇಸ್ತ್ರಿಯ ಬಾಕಿ ತೀರಿಸಲು ಕೊಟ್ಟ ದುಡ್ಡಲ್ಲ ಅನ್ನುವುದು ಸ್ಪಷ್ಟವಾಯಿತು. ಇಡೀ ಮೊತ್ತಕ್ಕೆ ನೋಟಿಸಿನ ದಿನದಿಂದ ಬಡ್ಡಿ ಸಹಿತ ಡಿಕ್ರಿ ಆಯಿತು. ಅವತ್ತಿನಿಂದ ಅಂಗಡಿಯವರು ಯಾರು ಬಂದರೂ ನಾನು ಹೇಳುವುದು ಒಂದೇ: ರಿಮಾರ್ಕ್ಸ್ ಖಾಲಿ ಬಿಡಬೇಡಿ.

ಎರಡನೆಯ ಕೇಸು ಇಷ್ಟು ಸಲೀಸಲ್ಲ. ಒಂದೇ ಆರ್‌ಸಿಸಿ ಚಾವಣಿ, ಕೆಳಗೆ ಇಬ್ಬರ ಎರಡು ಮಳಿಗೆ. ಮಳೆ ಬಂದರೆ ಎರಡೂ ಸೋರುತ್ತಿದ್ದವು. ಪಕ್ಕದ ಮಳಿಗೆಯವರು ಇರುವುದು ಮುಂಬೈಯಲ್ಲಿ. ನನ್ನ ಕಕ್ಷಿದಾರರು ಕಾಯದೆ 1,200 ಚದರಡಿಗೂ ವಾಟರ್‌ಪ್ರೂಫಿಂಗ್ ಮಾಡಿಸಿದರು. ಖರ್ಚು 96,000. ಅದರಲ್ಲಿ 500 ಚದರಡಿ ಪಕ್ಕದವರದು, ಅಂದರೆ 40,000. ಜೊತೆಗೆ ಚೆನ್ನಾಗಿ ಕಾಣಲಿ ಅಂತ ಪಕ್ಕದವರ ಮುಂದಿನ ಗೋಡೆಗೂ ಬಣ್ಣ ಹೊಡೆಸಿದ್ದರು, 14,000. ಒಟ್ಟು 54,000 ಕೇಳಿದಾಗ ಬಂದ ಉತ್ತರ: "ನಾನು ಹೇಳಿದ್ನಾ?"

"ಫೋನಲ್ಲಿ ಹ್ಞೂಂ ಅಂದಿದ್ರು ಅಂತ ಬರೀರಿ ಸರ್" ಎಂದರು ಕಕ್ಷಿದಾರರು. ನಾನು ಬರೆಯಲಿಲ್ಲ. ಅದು ಸುಳ್ಳು. ವಕೀಲಿಕೆಯ ಮೊದಲ ವರ್ಷಗಳಲ್ಲಿ ಕಕ್ಷಿದಾರರ ಇಂಥದ್ದೇ ಮಾತು ನಂಬಿ ಬಾಯಿಮಾತಿನ ಕರಾರು ಎಂದು ಬರೆದು, ಪಾಟೀಸವಾಲಿನಲ್ಲಿ ಅದು ಕುಸಿದುಬಿದ್ದು ಕೇಸು ಸೋತಿದ್ದೇನೆ. ಇಲ್ಲದ ಕರಾರು ಹುಟ್ಟಿಸಿದರೆ ಇರುವ ಹಕ್ಕನ್ನೂ ಕೋರ್ಟು ನಂಬುವುದಿಲ್ಲ.

70ನೇ ಕಲಂ ಕೇಳುವುದು ಮೂರೇ ವಿಷಯ. ಕೆಲಸ ನ್ಯಾಯಬದ್ಧವಾಗಿರಬೇಕು, ಪುಕ್ಕಟೆ ಮಾಡುವ ಇರಾದೆ ಇರಬಾರದು, ಎದುರಿನವರು ಅದರ ಲಾಭ ಉಂಡಿರಬೇಕು. ಚಾವಣಿಯ ವಿಚಾರದಲ್ಲಿ ಮೊದಲೆರಡು ಕಷ್ಟವಿರಲಿಲ್ಲ. ನಮ್ಮ ಆಸ್ತಿ ಉಳಿಸಿಕೊಳ್ಳಲು ಮಾಡಿದ ಕೆಲಸದಿಂದ ಇನ್ನೊಬ್ಬರಿಗೂ ಲಾಭವಾದರೆ ಅವರೂ ಪಾಲು ಕೊಡಬೇಕು ಅನ್ನುವುದಕ್ಕೆ ಮದ್ರಾಸ್ ಹೈಕೋರ್ಟಿನ 1894ರ ಒಂದು ಕೆರೆ ಕೇಸಿದೆ. ಸರ್ಕಾರದ ಹಳ್ಳಿಗಳಿಗೂ ಜಮೀನ್ದಾರರ ಹಳ್ಳಿಗಳಿಗೂ ನೀರುಣಿಸುತ್ತಿದ್ದ ಕೆರೆಯನ್ನು ಸರ್ಕಾರ ರಿಪೇರಿ ಮಾಡಿಸಿತ್ತು. ಜಮೀನ್ದಾರರೂ ಖರ್ಚಿನಲ್ಲಿ ಪಾಲು ಹೊರಬೇಕಾಯಿತು.

ತೊಡಕು ಇರುವುದು ಮೂರನೆಯದರಲ್ಲಿ. ತಪ್ಪಿ ಬಂದ ದುಡ್ಡನ್ನು ಹಾಗೇ ವಾಪಸ್ ಕಳಿಸಬಹುದು. ಬಳಿದ ವಾಟರ್‌ಪ್ರೂಫಿಂಗನ್ನು ಹಾಗೆ ಕಿತ್ತುಕೊಡಲು ಆಗುತ್ತದಾ? ಆದ್ದರಿಂದ ಬೇಡ ಎನ್ನುವ ಅವಕಾಶ ಎದುರಿನವರಿಗೆ ಇತ್ತೇ, ಇದ್ದೂ ಒಪ್ಪಿಕೊಂಡರೇ ಎಂದು ಕೋರ್ಟು ನೋಡುತ್ತದೆ. ಪಶ್ಚಿಮ ಬಂಗಾಳ ಸರ್ಕಾರಕ್ಕೂ ಬಿ. ಕೆ. ಮೊಂಡಲ್ ಸಂಸ್ಥೆಗೂ ನಡೆದ ಕೇಸಿನಲ್ಲಿ ಸುಪ್ರೀಂ ಕೋರ್ಟು ಒತ್ತಿ ಹೇಳಿದ್ದು ಇದನ್ನೇ. ಬೇಡದ ಉಪಕಾರ ಹೇರಿ ಬಿಲ್ ಕಳಿಸಲು ಬರುವುದಿಲ್ಲ.

ಹಾಗಾಗಿ ನಾನು ಹುಡುಕಿದ್ದು ಒಪ್ಪಿಗೆಯ ಗುರುತು. ಕೆಲಸ ಅರ್ಧ ಆಗಿದ್ದಾಗ ಪಕ್ಕದವರು ಹಬ್ಬಕ್ಕೆ ಊರಿಗೆ ಬಂದಿದ್ದರು. ಚಾವಣಿ ಹತ್ತಿ ನೋಡಿದ್ದರು. ನಿಲ್ಲಿಸಿ ಅನ್ನಲಿಲ್ಲ, ತಮ್ಮ ಮೀಟರಿನಿಂದ ಮಿಷನ್ನಿಗೆ ಕರೆಂಟು ಕೊಟ್ಟರು. ಕೆಲಸ ಮುಗಿದ ಮೇಲೆ ಖಾಲಿ ಬಿದ್ದಿದ್ದ ಮಳಿಗೆಯನ್ನು ಬಾಡಿಗೆಗೆ ಕೊಟ್ಟರು. ಕೆಲಸ ಮಾಡಿದವರ ಸಾಕ್ಷಿ ಮತ್ತು ಬಾಡಿಗೆ ಪತ್ರ, ನನಗೆ ಇಷ್ಟು ಸಾಕಿತ್ತು.

ಬಣ್ಣದ 14,000 ಮಾತ್ರ ದಾವೆಯಿಂದ ತೆಗೆದುಹಾಕಿದೆ. ಅದು ಪಕ್ಕದವರು ಬರುವ ಮೊದಲೇ ಮುಗಿದಿತ್ತು, ಮಳಿಗೆ ಉಳಿಯಲು ಬೇಕಾದ ಕೆಲಸವೂ ಅಲ್ಲ. ಕಕ್ಷಿದಾರರಿಗೆ ಸಿಟ್ಟು ಬಂತು. "ನನ್ನ ದುಡ್ಡು ಹೋಗಿದೆ ಅಲ್ವಾ?" ಎಂದರು. ಹೋಗಿದೆ, ನಿಜ. ಆದರೆ ಈ ಕಲಂ ಲೆಕ್ಕ ಹಾಕುವುದು ಎದುರಿನವರು ಒಪ್ಪಿ ಪಡೆದ ಲಾಭವನ್ನು ಎಂದು ವಿವರಿಸಿದೆ. ಲೋಕ ಅದಾಲತ್‌ನಲ್ಲಿ ಪಕ್ಕದವರು 36,000ಕ್ಕೆ ಒಪ್ಪಿದರು. ಕಟ್ಟಿದ್ದ ಕೋರ್ಟ್ ಫೀ ವಾಪಸ್ ಬಂತು.