±2.3% ಅಂತ ಬರೆದಿದ್ರು, ನನ್ನ ಲೆಕ್ಕದಲ್ಲಿ 6 ಬಂತು: ಪೋಲ್ ಸಾರಾಂಶ ಚೆಕ್ ಮಾಡಿದ ನನ್ನ ಅನುಭವ

ಎರಡು ವರ್ಷದಿಂದ ಜೊತೆಗೆ ಕೆಲಸ ಮಾಡೋರಿಗೆ ಹೇಳ್ತಾನೇ ಇದ್ದೆ, ಪೋಲ್ ಸಾರಾಂಶದಲ್ಲಿ ಕೊಡೋ ಮಾರ್ಜಿನ್ ಆಫ್ ಎರರನ್ನ ಡೇಟಾ ಫೈಲ್ ಇಲ್ದೇನೇ ಹೊರಗಿಂದಾನೇ ಚೆಕ್ ಮಾಡಬಹುದು ಅಂತ. ಯಾರೂ ಒಪ್ಪಲಿಲ್ಲ. "ಎಷ್ಟು ಜನ ಅಂತ ಕೊಟ್ಟಿದಾರೆ, ಫಾರ್ಮುಲಾಗೆ ಹಾಕಿದ್ರೆ ತಾಳೆ ಆಗುತ್ತೆ, ಇನ್ನೇನ್ರೀ ನೋಡೋದು" ಅಂತಿದ್ರು. ಹೋದ ತಿಂಗಳು ಒಂದು ಪೋಲ್‌ನಲ್ಲಿ ನನ್ನ ಲೆಕ್ಕ ಸರಿ ಅಂತ ಆ ಏಜೆನ್ಸಿಯ ಟೆಕ್ನಿಕಲ್ ನೋಟೇ ತೋರಿಸ್ತು, ಅದಕ್ಕೇ ಬರೀತಿದೀನಿ.

ಸಾರಾಂಶದಲ್ಲಿ ಇದ್ದಿದ್ದು ಇಷ್ಟು: 1,843 ಜನ, 95% ಕಾನ್ಫಿಡೆನ್ಸ್, ±2.3%, ಒಂದನೇ ಅಭ್ಯರ್ಥಿ 41, ಎರಡನೆಯವರು 38, "ಸ್ಪಷ್ಟ ಮುನ್ನಡೆ". ಫಾರ್ಮುಲಾಗೆ ಹಾಕಿದೆ, 0.98 ಭಾಗಿಸು 1843ರ ವರ್ಗಮೂಲ, 2.28 ಬಂತು. ಕರೆಕ್ಟಾಗಿ ತಾಳೆ ಆಯ್ತು. ನನಗೆ ಅನುಮಾನ ಬಂದಿದ್ದೇ ಅಲ್ಲಿ. ಅಷ್ಟು ಕರೆಕ್ಟಾಗಿ ತಾಳೆ ಆಯ್ತು ಅಂದ್ರೆ ಅವ್ರು ಸಿಂಪಲ್ ರ‍್ಯಾಂಡಮ್ ಸ್ಯಾಂಪಲ್ ಅಂತ ಅಂದ್ಕೊಂಡು ಲೆಕ್ಕ ಹಾಕಿದಾರೆ, ಕಮ್ಮಿ ಸಿಕ್ಕ ಗುಂಪಿನ ಉತ್ತರಕ್ಕೆ ಜಾಸ್ತಿ ತೂಕ ಕೊಡೋ ವೆಯ್ಟಿಂಗ್‌ಗೆ ಏನೂ ಸೇರಿಸಿಲ್ಲ ಅಂತ ಅರ್ಥ. ಫೋನಲ್ಲಿ ಮಾಡಿದ ಪೋಲ್‌ನಲ್ಲಿ ವೆಯ್ಟಿಂಗ್ ಇಲ್ದೇ ಇರೋದು ನಾನಂತೂ ನೋಡಿಲ್ಲ.

ಮೊದಲು ಬೇಸ್ ನೋಡಿದೆ. 41–38 ಅನ್ನೋದು 1,843 ಜನರದ್ದೇ ಅಲ್ಲ, ಟೇಬಲ್ ಕೆಳಗೆ ಸಣ್ಣ ಅಕ್ಷರದಲ್ಲಿ "ಖಂಡಿತ ವೋಟ್ ಹಾಕ್ತೀನಿ ಅಂದವರು, 1,112" ಅಂತಿತ್ತು. ಮೇಲೆ ಕೊಟ್ಟ ಮಾರ್ಜಿನ್ ಪೂರ್ತಿ ಸ್ಯಾಂಪಲ್‌ದು, ಹೆಡ್‌ಲೈನ್ ನಂಬರ್ ಮಾತ್ರ ಅದರೊಳಗಿನ ಒಂದು ಭಾಗದ್ದು. 1,112ಕ್ಕೆ ಹಾಕಿದ್ರೆ ಅಲ್ಲೇ 2.9 ಆಗೋಯ್ತು.

ಆಮೇಲೆ ವೆಯ್ಟ್. ಸಾರಾಂಶದಲ್ಲಿ ಒಬ್ಬೊಬ್ಬರ ವೆಯ್ಟ್ ಕೊಡಲ್ಲ, ಆದ್ರೆ ಗುಂಪುಗಳ ಪ್ರಕಾರ ಒಡೆದು ಕೊಡೋ ಕ್ರಾಸ್‌ಟ್ಯಾಬ್‌ನಲ್ಲಿ ವಯಸ್ಸಿನ ಗುಂಪಿಗೆ ಅನ್‌ವೆಯ್ಟೆಡ್ ಬೇಸ್, ವೆಯ್ಟೆಡ್ ಬೇಸ್ ಎರಡೂ ಪ್ರಿಂಟ್ ಆಗಿರುತ್ತೆ, ಎಲ್ಲರೂ ಅದನ್ನ ದಾಟ್ಕೊಂಡು ಹೋಗ್ತಾರೆ. ಇಲ್ಲಿ ಹೆಚ್ಚುಕಮ್ಮಿ ಹೀಗಿತ್ತು: 18–34ರಲ್ಲಿ ಫೋನ್ ಎತ್ತಿದ್ದು 150 ಜನ, ಅವರನ್ನ 330 ಅಂತ ಉಬ್ಬಿಸಿದ್ರು, 35–54ರಲ್ಲಿ 350 ಜನ 420 ಆದ್ರು, 55 ದಾಟಿದ 612 ಜನರನ್ನ 362ಕ್ಕೆ ಇಳಿಸಿದ್ರು. ಅಂದ್ರೆ ಒಬ್ಬ ಹುಡುಗನ ಉತ್ತರ ಎರಡು ಜನಕ್ಕಿಂತ ಜಾಸ್ತಿ ತೂಗ್ತಿದೆ. ವೆಯ್ಟಿಂಗ್ ಇಂದ ಏರುಪೇರು ಎಷ್ಟು ಪಟ್ಟು ಜಾಸ್ತಿ ಆಗುತ್ತೆ ಅಂತ ಹೇಳೋ, ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ ಅವರ ಡಿಸೈನ್ ಎಫೆಕ್ಟ್ ಲೆಕ್ಕಕ್ಕೆ ಇಷ್ಟು ಸಾಕು.

```python
u = [150, 350, 612]   # ಅನ್‌ವೆಯ್ಟೆಡ್
w = [330, 420, 362]   # ವೆಯ್ಟೆಡ್
n = sum(u)
deff = sum(b*b/a for a, b in zip(u, w)) / n
print(deff, n/deff)
```

1.30 ಬಂತು, ಎಫೆಕ್ಟಿವ್ ಸ್ಯಾಂಪಲ್, ಅಂದ್ರೆ ವೆಯ್ಟಿಂಗ್ ಆದ್ಮೇಲೆ ನಿಜವಾಗಿ ಎಷ್ಟು ಜನಕ್ಕೆ ಸಮ ಅನ್ನೋದು, 856. ಆ 1.30 ಕನಿಷ್ಠ ಅನ್ನೋದು ಗೊತ್ತಿರಲಿ, ಯಾಕಂದ್ರೆ ವಯಸ್ಸಿನ ಗುಂಪಿನ ಒಳಗೆ ವಿದ್ಯಾಭ್ಯಾಸ, ಪ್ರದೇಶ ಅಂತ ಮತ್ತೆ ವೆಯ್ಟ್ ಏರುಪೇರಾದ್ರೆ ಈ ನಂಬರ್ ಮೇಲಕ್ಕೇ ಹೋಗುತ್ತೆ, ಕೆಳಗಂತೂ ಬರಲ್ಲ. ಮಾರ್ಜಿನ್ 3.35 ಆಯ್ತು.

ಕೊನೇದು ಮುನ್ನಡೆ. 41ಕ್ಕೆ ಇರೋ ಮಾರ್ಜಿನ್ ಬೇರೆ, 41 ಮೈನಸ್ 38ಕ್ಕೆ ಇರೋದು ಬೇರೆ. ಇದಕ್ಕೆ ತುಂಬಾ ಜನ ಮಾರ್ಜಿನ್ ಡಬಲ್ ಮಾಡ್ತಾರೆ, ನಾನೂ ಒಂದು ವರ್ಷ ಹಾಗೇ ಮಾಡ್ತಿದ್ದೆ, ಇಬ್ಬರೇ ಇದ್ದು ಎಲ್ಲಾ ವೋಟೂ ಅವರಿಗೇ ಹೋದಾಗ ಅದು ಸರಿ, ಇಲ್ಲಿ 21% ಬೇರೆ ಕಡೆ ಇದೆ, ಡಬಲ್ ಮಾಡಿದ್ರೆ ಜಾಸ್ತಿ ಬರುತ್ತೆ. ಸರಿಯಾದ ಲೆಕ್ಕ ಇದು:

```
1.96 * sqrt((0.41 + 0.38 - 0.03**2) / 856)
```

0.0595, ಅಂದ್ರೆ 6 ಪಾಯಿಂಟ್. ಮುನ್ನಡೆ 3, ಅದರ ಮಾರ್ಜಿನ್ 6. ಸ್ಪಷ್ಟ ಮುನ್ನಡೆ ಅನ್ನೋಕೆ ಅಲ್ಲಿ ಏನೂ ಇಲ್ಲ. ಹತ್ತು ದಿನ ಆದ್ಮೇಲೆ ಏಜೆನ್ಸಿ ಟೆಕ್ನಿಕಲ್ ನೋಟ್ ಹಾಕ್ತು, ವೋಟ್ ಹಾಕೋರ ಎಫೆಕ್ಟಿವ್ ಸ್ಯಾಂಪಲ್ ಸುಮಾರು 740 ಅಂತ. ನಾನು ಹೇಳಿದ "856ಕ್ಕಿಂತ ಜಾಸ್ತಿ ಇರಕ್ಕಾಗಲ್ಲ" ಅನ್ನೋದು ನಿಂತ್ಕೊಳ್ತು.

ಇಲ್ಲಿಗೆ ಬರೋಕೆ ಮುಂಚೆ ಸೋತಿದ್ದು ಕಮ್ಮಿ ಏನಲ್ಲ. ಒಂದ್ಸಲ 900 ಜನರ ಪೋಲ್‌ಗೆ ±2.9 ಅಂತ ಬರೆದಿದ್ರು, ನಂಗೆ 3.3 ಬಂತು, ಸುಳ್ಳು ಹೇಳಿದಾರೆ ಅಂತ ಬರೆದು ಕಳಿಸಿಬಿಟ್ಟೆ. ನೋಡಿದ್ರೆ ಅವ್ರು ನನ್ನ ಫಾರ್ಮುಲಾ ಹಿಡಿಯೋ 50% ಬದ್ಲು ಆ ಪ್ರಶ್ನೆಗೆ ಬಂದ 28%ನೇ ಹಾಕಿದ್ರು, ಅದಕ್ಕೆ 2.9 ಸರಿಯೇ. ವರದಿ ವಾಪಸ್ ತಗೊಂಡೆ, ಆ ಕೆಲಸದ ದುಡ್ಡೂ ಹೋಯ್ತು, ಆ ಕ್ಲೈಂಟ್ ಮತ್ತೆ ಕರೀಲಿಲ್ಲ. ಅವತ್ತಿಂದ ತಾಳೆ ಆಗದೇ ಇದ್ರೆ ಮೊದಲು ಎರಡು ನೋಡ್ತೀನಿ: ಪರ್ಸೆಂಟ್ ಯಾವುದು ಹಾಕಿದಾರೆ, ಕಾನ್ಫಿಡೆನ್ಸ್ 90 ಇಟ್ಟಿದಾರಾ ಅಂತ. ಅದೇ 900ಕ್ಕೆ 90% ಆದ್ರೆ 2.7 ಆಗಿಬಿಡುತ್ತೆ.

ಇನ್ನೊಂದ್ಸಲ ಕೈಯಿಂದ ದುಡ್ಡು ಕೊಟ್ಟು, ಹೆಚ್ಚುಕಮ್ಮಿ ಒಂದು ತಿಂಗಳ ಸಂಪಾದನೆ ಅದು, ಪೂರ್ತಿ ಡೇಟಾ ಫೈಲ್ ತಗೊಂಡೆ. ತೆಗೆದು ನೋಡಿದ್ರೆ ವೆಯ್ಟ್ ಕಾಲಮ್ಮೇ ಇಲ್ಲ. ಬೇಸ್ ಟೇಬಲ್ ನೋಡೋ ಐಡಿಯಾ ಹುಟ್ಟಿದ್ದು ಆ ಸಿಟ್ಟಲ್ಲೇ.

ಮಧ್ಯೆ ಒಂದು ಬೇರೆ ಪ್ರಯೋಗಾನೂ ಮಾಡಿದೆ. ಕೆಲವರು ಸಣ್ಣ ಗುಂಪಿನ ಬೇಸ್ ಬಚ್ಚಿಟ್ಟು ಪರ್ಸೆಂಟನ್ನ ಮಾತ್ರ ಒಂದು ದಶಮಾಂಶದವರೆಗೆ ಕೊಡ್ತಾರೆ. ಒಂದು ಕಡೆ "ಮೊದಲ ಸಲ ವೋಟ್ ಹಾಕೋರು: 42.9, 35.7, 21.4" ಅಂತಿತ್ತು. 1ರಿಂದ ಶುರು ಮಾಡಿ ಯಾವ ಸಂಖ್ಯೆಗೆ ಮೂರೂ ಕೂರುತ್ತೆ ಅಂತ ಹುಡುಕಿದೆ, 14ಕ್ಕೆ ಕೂತಿತು, 6, 5, 3 ಜನ. 28ಕ್ಕೂ ಕೂರುತ್ತೆ, ಆದ್ರೂ ಅಷ್ಟು ಜನರನ್ನ ಹಿಡ್ಕೊಂಡು ಯುವಜನರ ಒಲವು ಅಂತ ಬರೆಯೋದು ತಪ್ಪೇ. ವೆಯ್ಟ್ ಹಾಕಿದ ಪರ್ಸೆಂಟ್‌ಗೆ ಈ ಉಪಾಯ ನಡೆಯಲ್ಲ. ನಡೆಯೋ ಹಾಗೆ ಮಾಡೋಕೆ ಒಂದು ದಾರಿ ಕಂಡ್ಕೊಂಡಿದೀನಿ, ಅದನ್ನ ಸದ್ಯಕ್ಕೆ ನನ್ನ ಹತ್ರಾನೇ ಇಟ್ಕೋತೀನಿ.

ಕಿಶ್ ಲೆಕ್ಕಕ್ಕೂ ಒಂದು ಮಿತಿ ಇದೆ. ವಯಸ್ಸಿಗೂ ವೋಟಿಗೂ ಗಟ್ಟಿ ನಂಟಿದ್ರೆ ವೆಯ್ಟಿಂಗ್ ಸ್ವಲ್ಪ ಏರುಪೇರನ್ನ ಕಮ್ಮಿನೂ ಮಾಡುತ್ತೆ, ಆಗ ಈ ಲೆಕ್ಕ ಜಾಸ್ತಿ ತೋರಿಸುತ್ತೆ. ಏಜೆನ್ಸಿಯವ್ರು ವಾದಕ್ಕೆ ಬಂದ್ರೆ ಮೊದಲು ಹಿಡಿಯೋದೇ ಇದನ್ನ, ಹಾಗಾಗಿ ನನ್ನ ವರದಿಯಲ್ಲಿ ನಾನೇ ಮೊದಲು ಬರೆದಿರ್ತೀನಿ.

ಇನ್ನು ಇಷ್ಟ ಇದ್ದೋರು ಬಂದು ಕ್ಲಿಕ್ ಮಾಡೋ ಆನ್‌ಲೈನ್ ಪೋಲ್‌ಗಳಿಗೆ ಈ ಯಾವ ಲೆಕ್ಕಾನೂ ನಾನು ಹಾಕಲ್ಲ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಅಂಚೆಯಲ್ಲಿ ಪೋಲ್ ಮಾಡಿದ ಪತ್ರಿಕೆ ಲಿಟರರಿ ಡೈಜೆಸ್ಟ್‌ಗೆ 20 ಲಕ್ಷಕ್ಕಿಂತ ಜಾಸ್ತಿ ಉತ್ತರ ಬಂದಿತ್ತು, ಫಾರ್ಮುಲಾ ಪ್ರಕಾರ ಮಾರ್ಜಿನ್ 0.1 ಕೂಡ ಇರಲ್ಲ, ಲ್ಯಾಂಡನ್ ಗೆಲ್ತಾರೆ ಅಂದ್ರು, ಗೆದ್ದಿದ್ದು ರೂಸ್‌ವೆಲ್ಟ್. ಅಂಥ ಪೋಲ್ ಸಾರಾಂಶದಲ್ಲಿ ± ಕಂಡ್ರೆ ಪಕ್ಕದಲ್ಲಿ "ಅನ್ವಯಿಸಲ್ಲ" ಅಂತ ಬರೆದು ವಾಪಸ್ ಕಳಿಸ್ತೀನಿ.