ಮುನ್ನೂರು ರೈತರ ವೆಬಿನಾರಿನಲ್ಲಿ ಸ್ಕ್ರೀನ್ ಶೇರಿಂಗ್ ಮತ್ತು ಖಾಸಗಿ ಚಾಟ್‌ಗೆ ನಾನು ಹಾಕಿದ ಬೀಗ

ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳ ಬೆಳೆಗಾರರಿಗಾಗಿ ಝೂಮ್‌ನಲ್ಲಿ ತರಬೇತಿ ನಡೆಸುವ ಕೆಲಸ ನನ್ನ ಪಾಲಿಗೆ ಬಂದಾಗ, ಅದನ್ನು ನಾವೆಲ್ಲರೂ ವೆಬಿನಾರ್ ಎಂದೇ ಕರೆಯುತ್ತಿದ್ದೆವು. ಆದರೆ ನಮ್ಮ ಬಳಿ ಇದ್ದದ್ದು ಝೂಮ್‌ನ ವೆಬಿನಾರ್ ಸೌಲಭ್ಯವಲ್ಲ, ಮುನ್ನೂರು ಜನರವರೆಗೆ ಸೇರಬಹುದಾದ ಸಾಮಾನ್ಯ ಮೀಟಿಂಗ್. ಈ ವ್ಯತ್ಯಾಸ ಹೆಸರಿನದಷ್ಟೇ ಅಲ್ಲವೆಂಬುದು ಮೊದಲ ಕಾರ್ಯಕ್ರಮದಲ್ಲೇ ನನಗೆ ತಿಳಿಯಿತು. ವೆಬಿನಾರ್ ಸೌಲಭ್ಯದಲ್ಲಿ ವೀಕ್ಷಕರಿಗೆ ತಮ್ಮ ಪರದೆಯನ್ನು ತೋರಿಸುವ ಹಕ್ಕೇ ಇರುವುದಿಲ್ಲ, ಒಬ್ಬ ವೀಕ್ಷಕ ಇನ್ನೊಬ್ಬರಿಗೆ ಗುಟ್ಟಾಗಿ ಸಂದೇಶ ಕಳುಹಿಸುವುದಕ್ಕೂ ಆಗುವುದಿಲ್ಲ. ಮೀಟಿಂಗ್‌ನಲ್ಲಾದರೆ ಇವೆರಡನ್ನೂ ನಡೆಸುವವರೇ ಮುಚ್ಚಬೇಕು.

ಅಂದಿನ ವಿಷಯ ಮೆಕ್ಕೆಜೋಳದ ಸುಳಿ ತಿನ್ನುವ ಸೈನಿಕ ಹುಳು. ಕೀಟತಜ್ಞರು ಸ್ಲೈಡುಗಳನ್ನು ಮುಗಿಸಿ, ಹುಳುವಿನ ವಿಡಿಯೊ ತೋರಿಸಲೆಂದು ತಮ್ಮ ಪರದೆಯನ್ನು ಒಂದು ಕ್ಷಣ ನಿಲ್ಲಿಸಿದರು. ಅದೇ ಹೊತ್ತಿಗೆ ಜಗಳೂರು ಕಡೆಯ ಒಬ್ಬ ರೈತರು ತಮ್ಮ ಹೊಲದಲ್ಲಿ ತೂತು ಬಿದ್ದ ಎಲೆಯ ಫೋಟೊ ತೋರಿಸಲು ಹೋಗಿ, ಫೋಟೊ ಎಂಬಲ್ಲಿ ಒತ್ತುವ ಬದಲು ಇಡೀ ಪರದೆಯನ್ನೇ ಹಂಚುವ ಆಯ್ಕೆಯನ್ನು ಒತ್ತಿ, ಫೋನ್ ಕೇಳಿದ ಅನುಮತಿಗೂ ಒಪ್ಪಿಗೆ ಕೊಟ್ಟಿದ್ದರು. ಅವರ ವಾಟ್ಸಾಪ್ ಪಟ್ಟಿ, ಅದರ ಮೇಲೆ ಬ್ಯಾಂಕಿನಿಂದ ಬಂದ ಬಾಕಿ ಮೊತ್ತದ ಸಂದೇಶ ಎಲ್ಲರ ಮುಂದೆ ತೆರೆದುಕೊಂಡವು. “ನಂದು ಮೊಬೈಲ್ ಎಲ್ಲಾರ್ಗೂ ಕಾಣ್ತೈತೇನ್ರಿ ಸರ?” ಎಂದು ಅವರು ಗಾಬರಿಯಿಂದ ಕೇಳಿದ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಅವರ ಹಂಚಿಕೆಯನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಹುಡುಕುವುದರಲ್ಲಿ ನಾನು ಅರ್ಧ ನಿಮಿಷ ಕಳೆದೆ. ತಪ್ಪು ಅವರದಲ್ಲ, ಆ ಬಾಗಿಲನ್ನು ತೆರೆದಿಟ್ಟಿದ್ದವನು ನಾನು.

ಎರಡನೆಯ ಸಂಗತಿ ತಿಳಿದದ್ದು ಮರುದಿನ. ಹೊನ್ನಾಳಿಯ ರೈತರೊಬ್ಬರು ಒಂದು ಸ್ಕ್ರೀನ್‌ಶಾಟ್ ಕಳುಹಿಸಿದರು. ತಜ್ಞರು ಔಷಧಿಯ ಪ್ರಮಾಣ ವಿವರಿಸುತ್ತಿದ್ದಾಗಲೇ ಯಾರೋ ಒಬ್ಬರು “ಅದೆಲ್ಲ ಬೇಡ, ನಮ್ಮದು ಹೊಡೆಯಿರಿ” ಎಂದು ಫೋನ್ ನಂಬರಿನ ಸಮೇತ ಅವರೊಬ್ಬರಿಗೇ ಚಾಟ್ ಮಾಡಿದ್ದರು. ವಿಚಾರಿಸಿದಾಗ ಇನ್ನೂ ಹಲವರಿಗೆ ಅದೇ ಸಂದೇಶ ಹೋಗಿತ್ತು. ನಾನು ಉಳಿಸಿಕೊಂಡಿದ್ದ ಚಾಟ್ ಫೈಲಿನಲ್ಲಿ ಅದರ ಸುಳಿವೇ ಇರಲಿಲ್ಲ. ಇದು ಮುಖ್ಯವಾದ ಮಾತು: ಭಾಗವಹಿಸುವವರು ತಮ್ಮತಮ್ಮೊಳಗೆ ಮಾಡುವ ಖಾಸಗಿ ಚಾಟ್ ಹೋಸ್ಟ್‌ಗೆ ಕಾಣುವುದಿಲ್ಲ. ಸಾರ್ವಜನಿಕ ಚಾಟನ್ನು ಎಷ್ಟು ಕಣ್ಣಿಟ್ಟು ಕಾದರೂ ಇದನ್ನು ಹಿಡಿಯಲಾಗದು; ಮೊದಲೇ ಮುಚ್ಚಬೇಕು, ಇಲ್ಲವೇ ಹೀಗೆ ಯಾರಾದರೂ ಬಂದು ಹೇಳುವವರೆಗೆ ಕಾಯಬೇಕು.

ಮುಂದಿನ ಕಾರ್ಯಕ್ರಮಕ್ಕೆ ಮೀಟಿಂಗ್ ಒಳಗಿನ ಗುಂಡಿಗಳನ್ನೇ ನಂಬದೆ, ಖಾತೆಯಲ್ಲಿಯೇ ಬದಲಾವಣೆ ಮಾಡಿದೆ. ಬ್ರೌಸರಿನಲ್ಲಿ `zoom.us` ತೆರೆದು ಖಾತೆಗೆ ಪ್ರವೇಶಿಸಿ, `Settings` ಪುಟದ ಮೀಟಿಂಗ್ ಭಾಗದಲ್ಲಿ `Screen sharing` ಎಂಬುದನ್ನು ಹುಡುಕಿದೆ. ಹಂಚಿಕೆಯನ್ನು ಪೂರ್ತಿಯಾಗಿ ಬಂದ್ ಮಾಡಬಾರದು. ಹಾಗೆ ಮಾಡಿದರೆ ತಜ್ಞರೂ ಏನನ್ನೂ ತೋರಿಸಲಾರರು. ಅದನ್ನು ಚಾಲೂ ಇಟ್ಟು, ಕೆಳಗಿರುವ `Who can share?` ಎಂಬ ಪ್ರಶ್ನೆಗೆ `Host Only` ಎಂದು ಆರಿಸಬೇಕು. ಅದೇ ಪುಟದ ಚಾಟ್ ವಿಭಾಗದಲ್ಲಿ ಒಬ್ಬರಿಗೊಬ್ಬರು ನೇರವಾಗಿ ಸಂದೇಶ ಕಳುಹಿಸುವ ಸೌಲಭ್ಯವನ್ನು ಬಂದ್ ಮಾಡಿದೆ. ಈ ಆಯ್ಕೆಗಳ ಹೆಸರು ಮತ್ತು ಜಾಗ ಆವೃತ್ತಿಯಿಂದ ಆವೃತ್ತಿಗೆ ತುಸು ಬದಲಾಗುವುದರಿಂದ, ಕಾರ್ಯಕ್ರಮದ ಹಿಂದಿನ ದಿನವೇ ಇದನ್ನು ಮಾಡಿ ಮುಗಿಸುವುದು ನನ್ನ ರೂಢಿ. ಮೀಟಿಂಗ್ ಆರಂಭವಾದ ಮೇಲೆ ಖಾತೆಯಲ್ಲಿ ಬದಲಾಯಿಸಿ, ಅದು ಆಗಲೇ ನಡೆಯುತ್ತಿರುವ ಮೀಟಿಂಗ್‌ಗೆ ತಟ್ಟುತ್ತದೆ ಎಂದು ಎಣಿಸಬಾರದು. ಆಗ ಮೀಟಿಂಗ್‌ನ `Host tools` ಒಳಗೆ `Share screen` ಎದುರಿನ ಗುರುತನ್ನು ತೆಗೆಯಬೇಕು. ಚಾಟ್ ಕಿಟಕಿಯ ಮೂರು ಚುಕ್ಕೆಗಳನ್ನು ಒತ್ತಿ, ಯಾರು ಯಾರಿಗೆ ಬರೆಯಬಹುದೆಂಬುದನ್ನು ಅಲ್ಲಿಯೇ ಗೊತ್ತುಪಡಿಸಬೇಕು.

ಹೀಗೆ ಬೀಗ ಹಾಕಿದಾಗ ಮೊದಲು ಹೊರಗುಳಿಯುವವರು ತಜ್ಞರೇ. ಅವರೂ ಎಲ್ಲರಂತೆ ಲಿಂಕಿನಿಂದ ಒಳಬಂದವರಾದ್ದರಿಂದ ಅವರ ಶೇರ್ ಗುಂಡಿಯೂ ಕೆಲಸ ಮಾಡುವುದಿಲ್ಲ. ಆ ಗಡಿಬಿಡಿಯಲ್ಲಿ ಎಲ್ಲರಿಗೂ ಹಂಚಿಕೆ ತೆರೆದುಬಿಡುವುದು ಸುಲಭದ ದಾರಿಯಾಗಿ ಕಾಣುತ್ತದೆ, ಆದರೆ ಹಾಗೆ ತೆರೆದದ್ದನ್ನು ಮತ್ತೆ ಮುಚ್ಚುವ ನೆನಪು ಯಾರಿಗೂ ಇರುವುದಿಲ್ಲ. ಬದಲಿಗೆ, ತಜ್ಞರನ್ನು ಹದಿನೈದು ನಿಮಿಷ ಮೊದಲೇ ಬರಹೇಳಿ, ಪಟ್ಟಿಯಲ್ಲಿ ಅವರ ಹೆಸರನ್ನು ಆರಿಸಿ `Make co-host` ಎಂದು ಒತ್ತಿ ಸಹ ಹೋಸ್ಟ್ ಮಾಡುತ್ತೇನೆ. `Host Only` ಎಂದಿದ್ದರೂ ಸಹ ಹೋಸ್ಟ್ ಪರದೆ ಹಂಚಬಹುದು. ಸಹ ಹೋಸ್ಟ್ ಮಾಡುವ ಅನುಕೂಲ ಹಣ ಕಟ್ಟಿದ ಖಾತೆಗಷ್ಟೇ ಸಿಗುತ್ತದೆ ಎಂಬುದನ್ನು ಗಮನಿಸಬೇಕು. ಇದರೊಂದಿಗೆ ಇತರರನ್ನು ಮ್ಯೂಟ್ ಮಾಡುವ, ಹೊರಹಾಕುವ ಅಧಿಕಾರವೂ ಹೋಗುವುದರಿಂದ ತಜ್ಞರು ಮತ್ತು ನನ್ನ ಒಬ್ಬ ಸಹಾಯಕಿಯನ್ನು ಬಿಟ್ಟು ಬೇರೆ ಯಾರಿಗೂ ಅದನ್ನು ಕೊಡುವುದಿಲ್ಲ.

ಚಾಟನ್ನು ಪೂರ್ತಿ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಮೈಕಿನಲ್ಲಿ ಮಾತನಾಡಲು ಹಿಂಜರಿಯುವವರು, ಅದರಲ್ಲೂ ಹೆಣ್ಣುಮಕ್ಕಳು, ಬರೆದೇ ಕೇಳುತ್ತಾರೆ. ಆದ್ದರಿಂದ ಉಪನ್ಯಾಸ ನಡೆಯುವಾಗ `Host and co-hosts` ಎಂಬ ಆಯ್ಕೆ ಇಡುತ್ತೇನೆ. ಆಗ ಪ್ರಶ್ನೆಗಳು ನಮಗೆ ಮಾತ್ರ ಬರುತ್ತವೆ, ಸಹಾಯಕಿ ಅವುಗಳನ್ನು ಓದಿ ತಜ್ಞರ ಮುಂದಿಡುತ್ತಾರೆ. ಪ್ರಶ್ನೋತ್ತರದ ಹೊತ್ತಿಗೆ `Everyone` ಎಂದು ಬದಲಾಯಿಸುತ್ತೇನೆ. ಆಗ ಬರೆದದ್ದು ಎಲ್ಲರಿಗೂ ಕಾಣುತ್ತದೆ, ಬೇಕಾದವರು ಹೋಸ್ಟ್‌ಗೆ ಮಾತ್ರವೂ ಬರೆಯಬಹುದು. ಮುಟ್ಟಲೇಬಾರದ ಆಯ್ಕೆ `Everyone and anyone directly`, ಏಕೆಂದರೆ ಖಾಸಗಿ ಚಾಟ್ ತೆರೆಯುವುದು ಅದೇ. ಇಷ್ಟಾದರೂ ಸಾರ್ವಜನಿಕ ಚಾಟ್‌ನಲ್ಲಿ ಫೋನ್ ನಂಬರ್ ಹಾಕುವವರನ್ನು ಇದು ತಡೆಯುವುದಿಲ್ಲ. ಆದರೆ ಅದು ನಮ್ಮ ಕಣ್ಣಿಗೆ ಬೀಳುತ್ತದೆ, ತಜ್ಞರು ಅಲ್ಲಿಯೇ ಉತ್ತರಿಸಬಹುದು.

ಎಲೆಯ ಫೋಟೊ ತೋರಿಸಬೇಕೆಂಬ ರೈತರ ಅಗತ್ಯ ನಿಜವಾದದ್ದು. ಅದಕ್ಕಾಗಿ ಹಿಂದಿನ ದಿನ ಸಂಜೆಯೊಳಗೆ ವಾಟ್ಸಾಪ್ ನಂಬರಿಗೆ ಫೋಟೊ ಕಳುಹಿಸಲು ಹೇಳುತ್ತೇವೆ, ಊರಿನ ಹೆಸರಿನೊಂದಿಗೆ ಅವನ್ನು ಸಹಾಯಕಿ ತಮ್ಮ ಲ್ಯಾಪ್‌ಟಾಪಿನಿಂದ ತೋರಿಸುತ್ತಾರೆ. ಇದು ಹಳೆಯ ಪದ್ಧತಿಗಿಂತಲೂ ಚೆನ್ನಾಗಿ ನಡೆಯಿತು, ಏಕೆಂದರೆ ತಜ್ಞರಿಗೆ ಚಿತ್ರಗಳನ್ನು ಮೊದಲೇ ನೋಡಿಕೊಳ್ಳಲು ಬಿಡುವು ಸಿಗುತ್ತದೆ.

ಕೊನೆಯ ತಪಾಸಣೆಯಲ್ಲಿ ನಾನು ಒಮ್ಮೆ ಮೋಸ ಹೋಗಿದ್ದೆ. ಬೀಗ ಬಿದ್ದಿದೆಯೇ ನೋಡಲು ನನ್ನ ಫೋನಿನಿಂದ ಸೇರಿದಾಗ ಪರದೆ ಸಲೀಸಾಗಿ ಹಂಚಿಕೆಯಾಯಿತು, ಬದಲಾವಣೆ ಉಳಿದೇ ಇಲ್ಲವೆಂದು ಗಾಬರಿಯಾದೆ. ಫೋನೂ ನನ್ನದೇ ಖಾತೆಯಲ್ಲಿ ಇದ್ದದ್ದರಿಂದ ಝೂಮ್ ನನ್ನನ್ನು ಅಲ್ಲಿಯೂ ಹೋಸ್ಟ್ ಎಂದೇ ಎಣಿಸಿತ್ತು. ಈಗ ಹೆಂಡತಿಯ ಫೋನಿನಲ್ಲಿ, ಯಾವ ಖಾತೆಗೂ ಪ್ರವೇಶಿಸದೆ, ರೈತರಿಗೆ ಕಳುಹಿಸಿದ ಲಿಂಕನ್ನೇ ಒತ್ತಿ ಸೇರುತ್ತೇನೆ. ಶೇರ್ ಒತ್ತಿದಾಗ ತಡೆಯಬೇಕು, ಚಾಟ್‌ನಲ್ಲಿ ಸಂದೇಶ ಯಾರಿಗೆ ಎಂಬ ಪಟ್ಟಿ ತೆರೆದಾಗ ಸಾಮಾನ್ಯರ ಹೆಸರು ಒಂದೂ ಕಾಣಬಾರದು. ಆ ಪಟ್ಟಿಯನ್ನು ನೋಡಲು ಇನ್ನೊಬ್ಬ ಸಾಮಾನ್ಯ ಸದಸ್ಯರು ಒಳಗಿರಬೇಕಾದ್ದರಿಂದ, ಮಗನ ಫೋನನ್ನೂ ಆ ಐದು ನಿಮಿಷ ಕೇಳಿ ಪಡೆಯುತ್ತೇನೆ.