ವೃತ್ತಿ ತೆರಿಗೆಯ ಹಳೆಯ ಬಾಕಿಗೆ ನೋಟಿಸ್ ಬಂದರೆ: ಮೊದಲು ಲೆಕ್ಕ, ಆಮೇಲೆ ಉತ್ತರ

‘ತಮ್ಮ ನೋಂದಣಿ ಚಾಲ್ತಿಯಲ್ಲಿಲ್ಲ, 2021-22ರಿಂದ ವೃತ್ತಿ ತೆರಿಗೆ ಪಾವತಿಯಾಗಿಲ್ಲ, ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಸಮಜಾಯಿಷಿ ನೀಡಿ’. ವಾಣಿಜ್ಯ ತೆರಿಗೆಗಳ ಇಲಾಖೆಯಿಂದ ಇಂಥ ನೋಟಿಸ್ ಬಂದಾಗ ಸಣ್ಣ ಕೈಗಾರಿಕೆಗಳ ಮಾಲೀಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಗಾಬರಿಯಾಗಿ ಅದರಲ್ಲಿದ್ದ ಮೊತ್ತವನ್ನೆಲ್ಲ ಕಟ್ಟುತ್ತಾರೆ, ಇಲ್ಲವೇ ಆಡಿಟರ್ ನೋಡಿಕೊಳ್ಳಲಿ ಎಂದು ಕಡತದಲ್ಲಿ ಇಟ್ಟುಬಿಡುತ್ತಾರೆ. ಎರಡರಿಂದಲೂ ದುಡ್ಡು ಹೋಗುತ್ತದೆ. ನೋಟಿಸ್‌ನಲ್ಲಿರುವ ಮೊತ್ತ ಎಷ್ಟೋ ಸಲ ಅಂದಾಜಿನದು. ತಿಂಗಳವಾರು ಲೆಕ್ಕ ಇಟ್ಟು ಉತ್ತರ ಕೊಟ್ಟವರಿಗೆ ಅದು ಅರ್ಧಕ್ಕೆ ಇಳಿಯುವುದೂ ಉಂಟು. ಅದು ಹೇಗೆಂದು ಒಂದು ಉದಾಹರಣೆಯ ಮೂಲಕ ನೋಡೋಣ.

ಹುಬ್ಬಳ್ಳಿಯಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಪಾಲುದಾರಿಕೆ ಸಂಸ್ಥೆ ಇದೆ ಎಂದುಕೊಳ್ಳಿ. ಕೆಲಸಗಾರರು 14 ಜನ. 2021ರ ಸೆಪ್ಟೆಂಬರ್‌ವರೆಗೆ ತೆರಿಗೆ ಸರಿಯಾಗಿಯೇ ಹೋಗಿತ್ತು. ಆಮೇಲೆ ಲೆಕ್ಕ ಬರೆಯುವವರು ಬದಲಾದರು, ತಿಂಗಳ ತಃಖ್ತೆಗಳು ನಿಂತುಹೋದವು, ಇಲಾಖೆಯ ದಾಖಲೆಯಲ್ಲಿ ನೋಂದಣಿ ರದ್ದಾಯಿತು. ಈಗ 2025ರ ಸೆಪ್ಟೆಂಬರ್‌ನಲ್ಲಿ ನೋಟಿಸ್ ಬಂದಿದೆ. 2021-22ರಿಂದ 2024-25ರವರೆಗಿನ 48 ತಿಂಗಳಿಗೆ, 14 ಜನಕ್ಕೆ, ತಲಾ 200 ರೂಪಾಯಿಯಂತೆ 1,34,400 ರೂಪಾಯಿ ಕೇಳಿದ್ದಾರೆ. ಬಡ್ಡಿ ಮತ್ತು ದಂಡ ಬೇರೆ.

ಬಂದಿರುವುದು ನೋಟಿಸೋ, ಆದೇಶವೋ?

ಮೊದಲು ಇದನ್ನು ನೋಡಿ. ವಿವರಣೆ ಕೇಳಿದ್ದರೆ ಅದು ನೋಟಿಸ್, ಅದಕ್ಕೆ ಉತ್ತರ ಬರೆಯಬಹುದು. ತೆರಿಗೆ ನಿರ್ಧರಿಸಿ ಕಟ್ಟಲು ಹೇಳಿದ್ದರೆ ಅದು ಆದೇಶ. ಅದಕ್ಕೆ ಮೇಲ್ಮನವಿಯೇ ದಾರಿ, ಎಷ್ಟು ಚಂದದ ಉತ್ತರ ಬರೆದರೂ ಪ್ರಯೋಜನವಿಲ್ಲ. ನೋಟಿಸ್ ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ, ಲಕೋಟೆಯನ್ನು ಎಸೆಯಬೇಡಿ. ಕೊಟ್ಟ ಗಡುವಿನೊಳಗೆ ಲೆಕ್ಕ ಸಿದ್ಧವಾಗದು ಅನ್ನಿಸಿದರೆ, ಗಡುವು ಮುಗಿಯುವ ಮುನ್ನ ಲಿಖಿತವಾಗಿ ಸಮಯ ಕೇಳಿ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಅದು ಯಾವ ತೆರಿಗೆಯ ಬಗ್ಗೆ ಎಂಬುದನ್ನೂ ನೋಡಬೇಕು. 1976ರ ಕರ್ನಾಟಕ ವೃತ್ತಿ ತೆರಿಗೆ ಕಾಯ್ದೆಯಡಿ ಒಂದೇ ಸಂಸ್ಥೆಗೆ ಎರಡು ಸಂಖ್ಯೆಗಳಿರುತ್ತವೆ. ನೌಕರರ ಸಂಬಳದಿಂದ ಹಿಡಿದು ಕಟ್ಟುವ ತೆರಿಗೆಗೆ ನೋಂದಣಿ ಪ್ರಮಾಣಪತ್ರ, ಅಂದರೆ ಆರ್‌ಸಿ. ವ್ಯಾಪಾರ ನಡೆಸುವವರು ತಮ್ಮ ಪಾಲಿಗೆ ವರ್ಷಕ್ಕೊಮ್ಮೆ ಏಪ್ರಿಲ್ 30ರೊಳಗೆ ಕಟ್ಟುವ 2,500 ರೂಪಾಯಿಗೆ ದಾಖಲಾತಿ ಪ್ರಮಾಣಪತ್ರ, ಅಂದರೆ ಇಸಿ. ಇಸಿ ಹಣ ಕಟ್ಟಿದ ರಸೀದಿ ತೋರಿಸಿ ‘ನಾವು ವೃತ್ತಿ ತೆರಿಗೆ ಕಟ್ಟಿದ್ದೇವೆ’ ಎಂದು ವಾದಿಸುವವರನ್ನು ಕಚೇರಿಗಳಲ್ಲಿ ಕಾಣಬಹುದು. ಅದರಿಂದ ಆರ್‌ಸಿಯ ಬಾಕಿ ತೀರುವುದಿಲ್ಲ. ನಮ್ಮ ಹುಬ್ಬಳ್ಳಿಯ ಸಂಸ್ಥೆಗೆ ಬಂದಿರುವುದು ಆರ್‌ಸಿಯ ನೋಟಿಸ್.

ನೋಂದಣಿ ನಿಜಕ್ಕೂ ಹೋಗಿದೆಯೇ?

ಆರ್‌ಸಿಗೆ ಟ್ರೇಡ್ ಲೈಸೆನ್ಸ್‌ನಂತೆ ವರ್ಷ ವರ್ಷದ ನವೀಕರಣ ಇಲ್ಲ. ಆದ್ದರಿಂದ ‘ಅವಧಿ ಮುಗಿದಿದೆ’ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ರದ್ದಾಗಿದೆಯೇ, ತಃಖ್ತೆ ಸಲ್ಲಿಸದೆ ನಿಷ್ಕ್ರಿಯವಾಗಿದೆಯೇ, ಅಥವಾ ಸಂಸ್ಥೆಯ ಸ್ವರೂಪ ಬದಲಾಗಿ ಪ್ಯಾನ್ ಬೇರೆಯಾದಾಗ ಹಳೆಯ ಸಂಖ್ಯೆ ಹಾಗೇ ಉಳಿದುಕೊಂಡಿದೆಯೇ? ಇಲಾಖೆಯ ವೃತ್ತಿ ತೆರಿಗೆ ಜಾಲತಾಣ ಇ-ಪ್ರೇರಣಾದಲ್ಲಿ ಹಳೆಯ ಸಂಖ್ಯೆಯಿಂದ ಲಾಗಿನ್ ಆಗಿ ನೋಡಿ. ಒಟಿಪಿ ಹಳೆಯ ಅಕೌಂಟೆಂಟ್‌ನ ಮೊಬೈಲ್‌ಗೆ ಹೋಗುತ್ತಿದ್ದರೆ, ಇಷ್ಟು ದಿನದ ಎಚ್ಚರಿಕೆಗಳು ನಿಮ್ಮನ್ನು ತಲುಪದ ಕಾರಣವೂ ಬಹುಶಃ ಅದೇ. ಮೊಬೈಲ್ ಮತ್ತು ಇಮೇಲ್ ಬದಲಿಸಲು ಅಧಿಕಾರಿಗೆ ಅರ್ಜಿ ಕೊಡಿ.

ಇಲ್ಲಿ ಅವಸರದಲ್ಲಿ ಹೊಸ ಆರ್‌ಸಿ ಪಡೆಯುವುದು ದೊಡ್ಡ ತಪ್ಪು. ಹಳೆಯ ಸಂಖ್ಯೆ ಇನ್ನೂ ಜೀವಂತವಿದ್ದರೆ ಎರಡೂ ಸಂಖ್ಯೆಗಳ ಮೇಲೆ ಬಾಕಿ ಬೆಳೆಯುತ್ತದೆ, ಒಂದರಲ್ಲಿ ಕಟ್ಟಿದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಹಳೆಯದನ್ನು ಊರ್ಜಿತಗೊಳಿಸಲು ಉತ್ತರದಲ್ಲೇ ಕೋರಿ. ಅದು ಆಗದು ಎಂದು ಅಧಿಕಾರಿ ತಿಳಿಸಿದ ಮೇಲೆ ಹೊಸದಕ್ಕೆ ಅರ್ಜಿ ಹಾಕಿ. ಅದರಲ್ಲಿ ಹೊಣೆ ಶುರುವಾದ ನಿಜವಾದ ದಿನಾಂಕ ಬರೆಯಿರಿ. ಇವತ್ತಿನ ದಿನಾಂಕ ಹಾಕಿದರೆ ಹಿಂದಿನ ವರ್ಷಗಳನ್ನು ಮುಚ್ಚಿಟ್ಟಂತೆ ಕಾಣುತ್ತದೆ.

ತಿಂಗಳವಾರು ಲೆಕ್ಕ

ಉತ್ತರದ ಜೀವ ಇರುವುದು ಇಲ್ಲಿ. ಸಂಬಳದ ರಿಜಿಸ್ಟರ್ ತೆಗೆದುಕೊಂಡು ಪ್ರತಿ ತಿಂಗಳೂ ಯಾರು ತೆರಿಗೆಯ ಮಿತಿಯೊಳಗೆ ಬರುತ್ತಾರೆ ಎಂದು ಗುರುತಿಸಬೇಕು. 2023ರ ಮಾರ್ಚ್‌ವರೆಗೆ ತಿಂಗಳಿಗೆ 15,000 ಅಥವಾ ಅದಕ್ಕಿಂತ ಹೆಚ್ಚು ಪಡೆಯುವವರಿಗೆ 200 ರೂಪಾಯಿ ತೆರಿಗೆ ಇತ್ತು. 2023ರ ಏಪ್ರಿಲ್‌ನಿಂದ ಆ ಮಿತಿ 25,000ಕ್ಕೆ ಏರಿತು. ಹೀಗಾಗಿ ಹದಿನೈದರಿಂದ ಇಪ್ಪತ್ತೈದು ಸಾವಿರದ ನಡುವಿನವರೆಲ್ಲ ಅಂದಿನಿಂದ ತೆರಿಗೆಯಿಂದ ಹೊರಗುಳಿದರು. ಎಲ್ಲ ವರ್ಷಕ್ಕೂ ಒಂದೇ ತಲೆ ಎಣಿಕೆ ಹಾಕಿದ ನೋಟಿಸ್ ತಪ್ಪುವುದು ಇಲ್ಲಿಯೇ.

ತಲೆ ಎಣಿಕೆ ಪಿಎಫ್ ಅಥವಾ ಇಎಸ್‌ಐ ದಾಖಲೆಯಿಂದ ಬಂದಿದ್ದರೆ ಅಲ್ಲಿ ಕಡಿಮೆ ಸಂಬಳದ ಸಹಾಯಕರೂ ಸೇರಿರುತ್ತಾರೆ. ಆದರೆ ಇದು ಎರಡೂ ಕಡೆ ಹರಿತವಾದ ಮಾತು. ಪಿಎಫ್‌ಗೆ ತೋರಿಸುವುದು ಮೂಲ ವೇತನ ಮತ್ತು ತುಟ್ಟಿಭತ್ಯೆ, ವೃತ್ತಿ ತೆರಿಗೆಗೆ ನೋಡುವುದು ಭತ್ಯೆಗಳೆಲ್ಲ ಸೇರಿದ ಒಟ್ಟು ಸಂಬಳ. ಪಿಎಫ್‌ನಲ್ಲಿ 14,000 ಇರುವ ಫೋರ್‌ಮನ್‌ನ ಕೈಗೆ ಒಟ್ಟು 26,000 ಹೋಗುತ್ತಿದ್ದರೆ ಅವನು ತೆರಿಗೆಯೊಳಗೇ ಇದ್ದಾನೆ. ಅವನನ್ನು ಬಿಟ್ಟು ಲೆಕ್ಕ ಕೊಟ್ಟು ಸಿಕ್ಕಿಬಿದ್ದರೆ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ಪುಣೆಯಲ್ಲೋ ಚೆನ್ನೈನಲ್ಲೋ ಕೆಲಸ ಮಾಡುವ ನೌಕರರಿದ್ದರೆ ಅವರನ್ನು ಪ್ರತ್ಯೇಕ ಪಟ್ಟಿಯಲ್ಲಿ ತೋರಿಸಿ, ಅವರ ತೆರಿಗೆ ಕರ್ನಾಟಕಕ್ಕೆ ಸೇರಿದ್ದಲ್ಲ.

ನಮ್ಮ ಸಂಸ್ಥೆಯ ಲೆಕ್ಕ ಹೀಗೆ ಬರುತ್ತದೆ. ಮೊದಲ 24 ತಿಂಗಳಲ್ಲಿ 15,000 ಮುಟ್ಟಿದವರು 9 ಜನ. ತಿಂಗಳಿಗೆ 1,800ರಂತೆ 43,200 ರೂಪಾಯಿ. ಮುಂದಿನ 24 ತಿಂಗಳಲ್ಲಿ 25,000 ಮುಟ್ಟಿದವರು 4 ಜನ. ತಿಂಗಳಿಗೆ 800ರಂತೆ 19,200. ಒಟ್ಟು 62,400. ಇದರಲ್ಲಿ 2021ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 10,800 ರೂಪಾಯಿಗೆ ಹಳೆಯ ಚಲನ್‌ಗಳಿವೆ. ನಿಜವಾದ ಬಾಕಿ 51,600. ನಿಮ್ಮಲ್ಲಿ ನಡುವೆ ಬಡ್ತಿ, ಸೇರ್ಪಡೆ, ರಾಜೀನಾಮೆ ಇದ್ದೇ ಇರುತ್ತವೆ, ಸಂಖ್ಯೆ ಪ್ರತಿ ತಿಂಗಳೂ ಬದಲಾಗುತ್ತದೆ. ಅದಕ್ಕೇ ತಿಂಗಳವಾರು ಪಟ್ಟಿ ಬೇಕು ಎನ್ನುವುದು.

ಇನ್ನು ಬಡ್ಡಿ. ಒಂದು ತಿಂಗಳ ತೆರಿಗೆ ಮರುತಿಂಗಳ 20ರೊಳಗೆ, ತಿಂಗಳ ತಃಖ್ತೆಯಾದ ನಮೂನೆ 5-ಎ ಜೊತೆ ಹೋಗಬೇಕು. ತಪ್ಪಿದರೆ ತಿಂಗಳಿಗೆ ಶೇ 1.25ರ ಸರಳ ಬಡ್ಡಿ. 2021ರ ಅಕ್ಟೋಬರ್‌ನ 1,800 ರೂಪಾಯಿಗೆ ಗಡುವು ಇದ್ದದ್ದು ನವೆಂಬರ್ 20. 2025ರ ಅಕ್ಟೋಬರ್ 20ಕ್ಕೆ ಕಟ್ಟಿದರೆ 47 ತಿಂಗಳ ವಿಳಂಬ, ತಿಂಗಳಿಗೆ 22.50ರಂತೆ 1,057.50 ರೂಪಾಯಿ ಬಡ್ಡಿ. ಹೀಗೆ ಒಂದೊಂದೇ ತಿಂಗಳಿಗೆ ಹಾಕುತ್ತಾ ಬಂದರೆ 2023ರ ಮಾರ್ಚ್‌ವರೆಗಿನ 18 ತಿಂಗಳ ಬಾಕಿಗೆ 15,592.50, ನಂತರದ 24 ತಿಂಗಳಿಗೆ 4,200. ಬಡ್ಡಿ 19,792.50 ರೂಪಾಯಿ. ತೆರಿಗೆ ಸೇರಿ 71,392.50. ಇಡೀ ಬಾಕಿಗೆ ಮೊದಲ ದಿನದಿಂದಲೇ ಬಡ್ಡಿ ಹಾಕಿದ ಲೆಕ್ಕ ಬಂದರೆ ಒಪ್ಪಬೇಡಿ, ಪ್ರತಿ ತಿಂಗಳ ಗಡುವೂ ಬೇರೆ.

ನೋಟಿಸ್ 2025ರ ಮಾರ್ಚ್‌ಗೆ ನಿಂತಿದೆ ಎಂದು ಅದರ ನಂತರದ ತಿಂಗಳುಗಳನ್ನು ಬಿಡಬೇಡಿ. 2025-26ರಿಂದ ಫೆಬ್ರುವರಿ ತಿಂಗಳ ತೆರಿಗೆ 300 ರೂಪಾಯಿ, ಉಳಿದ ತಿಂಗಳಿಗೆ ಮೊದಲಿನಂತೆ 200.

ಸಂಬಳದಿಂದ ಹಿಡಿದಿದ್ದರೆ?

ಹಳೆಯ ಸಂಬಳದ ಚೀಟಿಗಳನ್ನು ತೆಗೆದು ನೋಡಿ. ತೆರಿಗೆಯನ್ನು ಹಿಡಿದಿರಲಿ ಬಿಡಲಿ, ಅದನ್ನು ಕಟ್ಟುವ ಹೊಣೆ ಮಾಲೀಕರದು ಎಂದು ಕಾಯ್ದೆ ಹೇಳುತ್ತದೆ. ಆದ್ದರಿಂದ ‘ನಾವು ಕಡಿತ ಮಾಡಿರಲಿಲ್ಲ’ ಎಂಬುದು ಬಾಕಿಗೆ ಉತ್ತರವಾಗದು. ಚೀಟಿಯಲ್ಲಿ ಕಡಿತ ತೋರಿಸಿ ಸರ್ಕಾರಕ್ಕೆ ಕಟ್ಟದೆ ಉಳಿದಿದ್ದರೆ ವಿಷಯ ಇನ್ನೂ ಗಂಭೀರ. ಅದು ನೌಕರರ ಹಣ. ಉತ್ತರ ಬರೆಯುವ ಮೊದಲೇ ಅದನ್ನು ಕಟ್ಟಿಬಿಡಬೇಕು. ಹಿಡಿದಿರಲಿಲ್ಲ ಎಂದಾದರೆ ನಾಲ್ಕು ವರ್ಷದ ಬಾಕಿಯನ್ನು ಈಗಿನ ಸಂಬಳದಿಂದ ಒಟ್ಟಿಗೆ ಮುರಿದುಕೊಳ್ಳುವುದು ನ್ಯಾಯವಲ್ಲ. 22,000 ಸಂಬಳದವರು ಇವತ್ತು ತೆರಿಗೆಯ ವ್ಯಾಪ್ತಿಯಲ್ಲೇ ಇಲ್ಲ. ಮಾಲೀಕರ ಲೋಪಕ್ಕೆ ಅವರ ಮನೆಯ ಖರ್ಚು ಏರುಪೇರಾಗಬಾರದು.

ಕಟ್ಟಿ, ಬರೆಯಿರಿ

ಒಪ್ಪಿದ ಮೊತ್ತವನ್ನು ಕಟ್ಟಿ, ಚಲನ್ ಲಗತ್ತಿಸಿ ಉತ್ತರ ಕೊಡುವುದು ಉತ್ತಮ. ಕಟ್ಟಿದ ದಿನಕ್ಕೇ ಬಡ್ಡಿ ನಿಲ್ಲುತ್ತದೆ ಎಂಬುದಷ್ಟೇ ಅಲ್ಲ, ದಂಡದ ವಿಚಾರಣೆಯಲ್ಲೂ ಅದು ನೆರವಾಗುತ್ತದೆ. ಆದರೆ ಎಲ್ಲವನ್ನೂ ಒಂದೇ ತಿಂಗಳ ಹೆಸರಿನಲ್ಲಿ ಕಟ್ಟಬೇಡಿ. ಚಲನ್‌ನಲ್ಲಿ ತಿಂಗಳು, ವರ್ಷ ಸರಿಯಾಗಿ ನಮೂದಾಗದಿದ್ದರೆ ಆ ತಿಂಗಳಿಗೆ ಹೆಚ್ಚುವರಿ ಪಾವತಿ, ಉಳಿದವಕ್ಕೆ ಬಾಕಿ ಎಂದೇ ಕಾಣುತ್ತಿರುತ್ತದೆ. ಮುಂದಿನ ವರ್ಷ ಅದೇ ನೋಟಿಸ್ ಮತ್ತೆ ಬರುತ್ತದೆ. ನೋಂದಣಿ ರದ್ದಾಗಿ ಜಾಲತಾಣ ಪಾವತಿ ತೆಗೆದುಕೊಳ್ಳದಿದ್ದರೆ, ಆ ಪರದೆಯ ಚಿತ್ರವನ್ನು ಲಗತ್ತಿಸಿ ಯಾವ ಸಂಖ್ಯೆಯಲ್ಲಿ ಕಟ್ಟಬೇಕೆಂದು ಅಧಿಕಾರಿಯನ್ನೇ ಲಿಖಿತವಾಗಿ ಕೇಳಿ.

ಉತ್ತರ ಒಂದು ಪುಟ ಮೀರಬೇಕಿಲ್ಲ. ಹೀಗೆ ಬರೆಯಬಹುದು:

‘ಉಲ್ಲೇಖಿತ ನೋಟಿಸ್ ನಮಗೆ ಈ ದಿನಾಂಕದಂದು ತಲುಪಿದೆ. ನೋಟಿಸ್‌ನಲ್ಲಿ 48 ತಿಂಗಳಿಗೂ 14 ನೌಕರರನ್ನು ಲೆಕ್ಕ ಹಿಡಿಯಲಾಗಿದೆ. ಸಂಬಳದ ರಿಜಿಸ್ಟರ್‌ನಂತೆ 2023ರ ಮಾರ್ಚ್‌ವರೆಗೆ 9, ನಂತರ 4 ನೌಕರರು ಮಾತ್ರ ತೆರಿಗೆಗೆ ಒಳಪಡುತ್ತಾರೆ (ಅನುಬಂಧ 1). 2021ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ನೋಂದಣಿ ಸಂಖ್ಯೆಯಲ್ಲಿ 10,800 ರೂ. ಪಾವತಿಸಿದ್ದೇವೆ (ಅನುಬಂಧ 2). ಉಳಿದ ತೆರಿಗೆ 51,600 ರೂ. ಮತ್ತು ಬಡ್ಡಿಯನ್ನು ಪಾವತಿಸಿದ್ದೇವೆ (ಅನುಬಂಧ 3). ನೋಂದಣಿಯನ್ನು ಊರ್ಜಿತಗೊಳಿಸಬೇಕೆಂದೂ, ವಿಳಂಬದ ಕಾರಣವನ್ನು ಪರಿಗಣಿಸಿ ದಂಡ ವಿಧಿಸಬಾರದೆಂದೂ, ಒಪ್ಪಿಗೆಯಾಗದಿದ್ದಲ್ಲಿ ಖುದ್ದು ಅಹವಾಲಿಗೆ ಅವಕಾಶ ನೀಡಬೇಕೆಂದೂ ಕೋರುತ್ತೇವೆ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಬಾಕಿ ತೆರಿಗೆಯ ಅರ್ಧದಷ್ಟರವರೆಗೆ ದಂಡ ಹಾಕುವ ಅಧಿಕಾರ ಕಾಯ್ದೆಯಲ್ಲಿದೆ, ನಮ್ಮ ಉದಾಹರಣೆಯಲ್ಲಿ 25,800 ರೂಪಾಯಿವರೆಗೆ. ಆದರೆ ಅದು ಗರಿಷ್ಠ ಮಿತಿ, ಅದಕ್ಕೆ ಮೊದಲು ನಿಮ್ಮ ಅಹವಾಲು ಕೇಳಬೇಕು. ಬಡ್ಡಿಗೆ ಆ ಬಗೆಯ ವಿವೇಚನೆ ಇಲ್ಲ. ಅದಕ್ಕಾಗಿ ವಾದಿಸುವುದಕ್ಕಿಂತ, ಹಿಂದೆ ಬಂದಂತೆ ಬಡ್ಡಿ ಮನ್ನಾ ಮಾಡುವ ಕರಸಮಾಧಾನ ಯೋಜನೆ ಯಾವುದಾದರೂ ಜಾರಿಯಲ್ಲಿದೆಯೇ ಎಂದು ಕಟ್ಟುವ ಮುನ್ನ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಕಾರಣ ಬರೆಯುವಾಗ ಕೋವಿಡ್ ಎಂದು ಸುಮ್ಮನೆ ಬರೆಯಬೇಡಿ. ಅಕೌಂಟೆಂಟ್ ಬಿಟ್ಟುಹೋದ ತಿಂಗಳು, ಆ ತಿಂಗಳವರೆಗಿನ ಚಲನ್‌ಗಳು, ಬದಲಾಗದೆ ಉಳಿದ ಮೊಬೈಲ್ ಸಂಖ್ಯೆ, ಇವು ಒಂದಕ್ಕೊಂದು ತಾಳೆಯಾದರೆ ಅಧಿಕಾರಿಗೂ ಬರೆಯಲು ಆಧಾರ ಸಿಗುತ್ತದೆ.

ಉತ್ತರದ ಎರಡನೇ ಪ್ರತಿಗೆ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಮುಂದಿನ ಕೆಲವು ವಾರಗಳಲ್ಲಿ ಜಾಲತಾಣದಲ್ಲಿ ಪ್ರತಿ ತಿಂಗಳ ಎದುರು ಪಾವತಿ ನಮೂದಾಗಿದೆಯೇ ಎಂದು ನೋಡಿ. ನಡಾವಳಿ ಮುಕ್ತಾಯಗೊಳಿಸಿದ ಆದೇಶ ಲಿಖಿತವಾಗಿ ಕೈಗೆ ಬರದಿದ್ದರೆ ಅದನ್ನು ಕೇಳಿ ಮತ್ತೊಂದು ಪತ್ರ ಕೊಡಿ. ಬಾಯಿಮಾತಿನಲ್ಲಿ ‘ಆಯಿತು, ಹೋಗಿ’ ಎಂದ ಅಧಿಕಾರಿ ವರ್ಗವಾಗಿ ಹೋದ ಮೇಲೆ ದಾಖಲೆಯಲ್ಲಿ ಬಾಕಿ ಉಳಿದಿದ್ದರೆ, ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಮುಂದೆ ಬಂದವರಿಗೆ ಅಧಿಕಾರವಿದೆ.